ಮನೆಗೆಲಸದಲ್ಲಿ, ಡೆಲಿವರಿಯಲ್ಲಿ ದೌರ್ಜನ್ಯವಾದಾಗ: ಬರೆದಿಡುವುದು ಹೇಗೆ, ದೂರು ಕೊಡುವುದು ಎಲ್ಲಿ

ಬೆಂಗಳೂರಿನಲ್ಲಿ ಮನೆಗೆಲಸ ಮಾಡುವ ಹೆಣ್ಣುಮಕ್ಕಳಿಗೆ ದೂರು ಬರೆದುಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಮೊದಮೊದಲು ನಾನು ಬರೆದ ದೂರುಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತಿತ್ತು: "ಮನೆಯ ಮಾಲೀಕರು ನನ್ನೊಂದಿಗೆ ಅಸಭ್ಯವಾಗಿ ವರ್ತಿಸಿರುತ್ತಾರೆ." ಓದಲು ಗಂಭೀರವಾಗಿ ಕಾಣುವ ಈ ವಾಕ್ಯ ಠಾಣೆಯ ಮೇಜಿನ ಮೇಲೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಏನು ಮಾಡಿದರು, ಯಾವತ್ತು, ಮನೆಯ ಯಾವ ಜಾಗದಲ್ಲಿ, ಆಗ ಯಾರಿದ್ದರು ಎಂದು ಅಧಿಕಾರಿ ಕೇಳುತ್ತಾರೆ. ಮೂರು ವಾರ ಮೌನವಾಗಿದ್ದು ಬಂದ ಹೆಣ್ಣುಮಗಳು ಅಲ್ಲಿ ತಡವರಿಸುತ್ತಾಳೆ. ಆ ತಡವರಿಕೆಯನ್ನೇ ಸುಳ್ಳೆಂದು ಓದಿಕೊಂಡು, ವಿಚಾರಣೆ ನಡೆಸಲಾಗಿದೆ ಎಂಬ ಹಿಂಬರಹವೊಂದನ್ನು ಕೈಗೆ ಕೊಟ್ಟು ಕಳುಹಿಸಲಾಗುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮುಖ್ಯವಾಗಿ ಎರಡು ಸಂಗತಿಗಳನ್ನು ವಿವರಿಸಿದ್ದೇನೆ. ಘಟನೆಯ ದಿನವೇ ಏನನ್ನು, ಹೇಗೆ ದಾಖಲಿಸಬೇಕು ಎಂಬುದು ಒಂದು. ಆ ದಾಖಲೆಯನ್ನು ಹಿಡಿದು ಯಾವ ಬಾಗಿಲಿಗೆ ಹೋಗಬೇಕು ಎಂಬುದು ಇನ್ನೊಂದು. ಹೆಚ್ಚಿನ ಭಾಗ ಮನೆಗೆಲಸದ ಮಹಿಳೆಯರು ಎದುರಿಸುವ ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ್ದು, ಕೊನೆಯ ಭಾಗದಲ್ಲಿ ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರ ವಿಷಯವಿದೆ.

ಮೊದಲನೆಯದು: ಅದೇ ದಿನದ ದಾಖಲೆ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಅಕ್ಕ ಒಂದೇ ಅಪಾರ್ಟ್‌ಮೆಂಟಿನ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಮೂರನೆಯ ಮನೆಯಲ್ಲಿ ಮೇಡಂ ಒಂಬತ್ತು ಗಂಟೆಗೆ ಆಫೀಸಿಗೆ ಹೊರಡುತ್ತಾರೆ, ಸರ್ ಮನೆಯಿಂದಲೇ ಕೆಲಸ ಮಾಡುತ್ತಾರೆ. ಜೂನ್ 3ರಂದು ಅವರು ಈಕೆಯ ಮೈಕಟ್ಟಿನ ಬಗ್ಗೆ ಒಂದು ಮಾತು ಆಡುತ್ತಾರೆ. ಜೂನ್ 17ರಂದು ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ಹಾಕಿ ಮುಂದೆ ಹಿಡಿಯುತ್ತಾರೆ. ಜುಲೈ 8ರಂದು ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಬಂದು ಸೊಂಟ ಹಿಡಿದುಕೊಳ್ಳುತ್ತಾರೆ. ಆಕೆ ಕೊಸರಿಕೊಂಡು, ಕೈಯ ಸೋಪಿನ ನೊರೆಯನ್ನೂ ತೊಳೆಯದೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಓಡುತ್ತಾರೆ.

ಆ ಸಂಜೆ ಆಕೆಯ ಮಗಳ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಾದದ್ದು ಹೀಗಿರುತ್ತದೆ:

"ಜುಲೈ 8, ಸೋಮವಾರ. ಬೆಳಿಗ್ಗೆ, ಮೇಡಂ ಹೋಗಿ ಅರ್ಧ ಗಂಟೆ ಆಗಿತ್ತು. ಅಡುಗೆಮನೆಯ ಸಿಂಕಿನ ಹತ್ತಿರ ನಿಂತಿದ್ದೆ. ಸರ್ ಹಿಂದಿನಿಂದ ಬಂದು ಎರಡೂ ಕೈಯಿಂದ ಸೊಂಟ ಹಿಡಿದರು. 'ಯಾಕೆ ಹೆದರ್ತೀಯಾ, ಯಾರಿಗೂ ಹೇಳಲ್ಲ' ಅಂದರು. ನಾನು ತಳ್ಳಿದೆ. ಸ್ಟೀಲ್ ಡಬ್ಬಿ ಕೆಳಗೆ ಬಿತ್ತು. ಓಡಿ ಬಂದೆ. ಲಿಫ್ಟಿನ ಹತ್ತಿರ ಎದುರುಮನೆಯ ಕೆಲಸದವಳು ಸಿಕ್ಕಳು, ಅಳುತ್ತ ಅವಳಿಗೆ ಹೇಳಿದೆ. ಗೇಟಿನಿಂದ 9:50ಕ್ಕೆ ಹೊರಗೆ ಬಂದೆ. ಕೊಡೆ ಅಲ್ಲೇ ಬಿಟ್ಟು ಬಂದಿದ್ದೇನೆ."

ಇದರಲ್ಲಿ ಅಸಭ್ಯ, ಅನುಚಿತ, ಕಿರುಕುಳ ಎಂಬ ಪದಗಳು ಒಂದೂ ಇಲ್ಲ. ಯಾವ ಕೈ ಎಲ್ಲಿ ತಾಗಿತು ಮತ್ತು ಬಾಯಿಂದ ಬಂದ ಮಾತು ಯಾವುದು ಎಂಬುದಿದೆ. ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇದ್ದರೆ ಅದನ್ನು ಕನ್ನಡಕ್ಕೆ ತಿರುಗಿಸದೆ, ಕಿವಿಗೆ ಬಿದ್ದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಯಬೇಕು. ಕೆಳಗೆ ಬಿದ್ದ ಡಬ್ಬಿ, ಬಿಟ್ಟುಬಂದ ಕೊಡೆ ಮೇಲ್ನೋಟಕ್ಕೆ ಅನಗತ್ಯವೆನಿಸುತ್ತವೆ. ಆದರೆ ದಿನವೂ ಹತ್ತೂವರೆಗೆ ಹೊರಡುವವರು ಆ ದಿನ ಕೊಡೆ ಬಿಟ್ಟು ನಲವತ್ತು ನಿಮಿಷ ಮೊದಲೇ ಏಕೆ ಓಡಿದರು ಎಂಬ ಪ್ರಶ್ನೆಗೆ ಎದುರಿನವರು ಉತ್ತರಿಸಬೇಕಾಗುತ್ತದೆ. ಸಮಯ ಖಚಿತವಾಗಿ ತಿಳಿಯದಿದ್ದರೆ ಊಹಿಸಿ ಬರೆಯಬಾರದು. "ಮೇಡಂ ಹೋದ ಅರ್ಧ ಗಂಟೆಗೆ" ಎಂದು ನೆನಪಿರುವ ಇನ್ನೊಂದು ಘಟನೆಗೆ ಗಂಟು ಹಾಕಿ ಹೇಳಿದರೆ ಸಾಕು. ಮುಂದೆ ಪಾಟಿ ಸವಾಲಿನಲ್ಲಿ ತಪ್ಪಿದ ಒಂದು ಗಂಟೆಯನ್ನೇ ಹಿಡಿದು ಇಡೀ ಹೇಳಿಕೆಯನ್ನು ಅಲುಗಾಡಿಸಲು ವಕೀಲರು ನೋಡುತ್ತಾರೆ.

ಜೂನ್ 3 ಮತ್ತು 17ರ ಘಟನೆಗಳನ್ನು ಆಗ ಬರೆದಿಟ್ಟಿರದಿದ್ದರೆ, ಜುಲೈ 8ರಂದು ಕುಳಿತು ಹಿಂದಿನ ದಿನಾಂಕ ಹಾಕಿ ಬರೆಯಲೇಬಾರದು. "ಈ ದಿನ ನೆನಪಿಸಿಕೊಂಡು ಬರೆಯುತ್ತಿದ್ದೇನೆ" ಎಂದು ಮೇಲೆ ಬರೆದು, ನೆನಪಿರುವಷ್ಟನ್ನು ಮಾತ್ರ ದಾಖಲಿಸಬೇಕು. ಒಂದೇ ಪೆನ್ನಿನಲ್ಲಿ, ಒಂದೇ ಸಲ ಕುಳಿತು ಬರೆದ ಮೂರು ದಿನಾಂಕಗಳ ಡೈರಿಯನ್ನು ಯಾರೂ ನಂಬುವುದಿಲ್ಲ.

ಓದುಬರಹ ಬಾರದವರಿಗೆ ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜ್ ನೋಟ್‌ಬುಕ್ಕಿಗಿಂತಲೂ ಮೇಲು. ನಂಬಿಕೆಯ ಒಬ್ಬರಿಗೆ, ಅಂದರೆ ತಂಗಿಗೋ ಸಂಘದ ಅಕ್ಕನಿಗೋ, ನಡೆದದ್ದನ್ನು ಹೇಳಿ ಕಳುಹಿಸಿದರೆ ಕಳುಹಿಸಿದ ದಿನ ಮತ್ತು ಸಮಯ ತಾನಾಗಿಯೇ ದಾಖಲಾಗುತ್ತದೆ. ಆ ಚಾಟ್‌ನಲ್ಲಿ ಮೆಸೇಜು ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇಲ್ಲವೆಂದು ಮೊದಲೇ ನೋಡಿಕೊಳ್ಳಬೇಕು. ಕಳುಹಿಸಿದವರ ಮತ್ತು ಪಡೆದವರ ಎರಡೂ ಫೋನುಗಳನ್ನು ಮಾರದೆ, ರೀಸೆಟ್ ಮಾಡದೆ ಇಟ್ಟುಕೊಳ್ಳಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದರ ಜೊತೆ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನೇ ಇಲ್ಲವಾದರೆ ಸ್ಕ್ರೀನ್‌ಶಾಟು ಬಲಹೀನವಾಗುತ್ತದೆ.

ಮನೆಯೊಳಗೆ ಗುಟ್ಟಾಗಿ ಕ್ಯಾಮೆರಾ ಇಡುವ ಸಲಹೆಯನ್ನು ಕೆಲವರು ಕೊಡುತ್ತಾರೆ. ನಾನು ಕೊಡುವುದಿಲ್ಲ. ಇನ್ನೊಬ್ಬರ ಖಾಸಗಿ ಕೋಣೆಯ ದೃಶ್ಯ ಅದರಲ್ಲಿ ಸೇರಿದರೆ ಪ್ರಕರಣ ತಿರುಗಿ ಬೀಳುತ್ತದೆ. ನಿಮ್ಮೊಂದಿಗೆ ಆಡಿದ ಮಾತನ್ನು, ನಿಮಗೆ ಬಂದ ಕರೆಯನ್ನು ನಿಮ್ಮ ಫೋನಿನಲ್ಲಿ ರೆಕಾರ್ಡ್ ಮಾಡುವುದು ಬೇರೆ ವಿಷಯ. ಅಂಥ ರೆಕಾರ್ಡಿಂಗನ್ನು ನ್ಯಾಯಾಲಯಗಳು ಸಾಕ್ಷ್ಯವಾಗಿ ಪರಿಗಣಿಸಿವೆ. ಆದರೆ ಅದನ್ನು ಅಪಾರ್ಟ್‌ಮೆಂಟ್ ಗ್ರೂಪಿಗೋ ಫೇಸ್‌ಬುಕ್ಕಿಗೋ ಹಾಕಬಾರದು.

ಅಲ್ಲಿ ಕೆಲಸ ಮಾಡುತ್ತಿದ್ದಿರೆಂದು ತೋರಿಸುವುದು

ಎದುರು ಪಕ್ಷದ ಮೊದಲ ವಾದ "ಮುಟ್ಟಿಲ್ಲ" ಎಂಬುದಾಗಿರುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಅನೇಕ ಸಲ ಅದು "ಈಕೆ ನಮ್ಮ ಮನೆಯಲ್ಲಿ ಕೆಲಸಕ್ಕೇ ಇರಲಿಲ್ಲ" ಅಥವಾ "ಎರಡು ತಿಂಗಳ ಹಿಂದೆಯೇ ಬಿಡಿಸಿದ್ದೆವು" ಎಂದಿರುತ್ತದೆ. ನೇಮಕಾತಿ ಪತ್ರ ಎಂಬುದೇ ಇಲ್ಲದ ಕೆಲಸದಲ್ಲಿ ಇದನ್ನು ಹೇಳುವುದು ಸುಲಭ.

ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕೆ ಒಳ್ಳೆಯ ಉತ್ತರ ಗೇಟಿನಲ್ಲೇ ಇದೆ. ಕೆಲಸದವರನ್ನು ನಿಯಂತ್ರಿಸಲೆಂದು ತಂದ ಗೇಟ್ ಆ್ಯಪ್, ಯಾವ ದಿನ ಎಷ್ಟು ಗಂಟೆಗೆ ಯಾವ ಫ್ಲಾಟಿನ ಹೆಸರಿನಲ್ಲಿ ಒಳಗೆ ಬಂದಿರಿ, ಎಷ್ಟಕ್ಕೆ ಹೊರಗೆ ಹೋದಿರಿ ಎಂಬುದನ್ನು ದಾಖಲಿಸಿಟ್ಟಿರುತ್ತದೆ. ನಮ್ಮ ಉದಾಹರಣೆಯ ಅಕ್ಕ 9:50ಕ್ಕೆ ಹೊರಬಂದದ್ದು ಅಲ್ಲಿದೆ. ಆಕೆ ಕೆಲಸ ಮಾಡುವ ಬೇರೆ ಎರಡು ಮನೆಯವರಲ್ಲಿ ಯಾರಾದರೂ ಒಳ್ಳೆಯವರಿದ್ದರೆ, ಅವರ ಆ್ಯಪ್‌ನಲ್ಲಿಯೂ ಆಕೆಯ ಹಾಜರಿ ಕಾಣುತ್ತದೆ. ಅದರ ಸ್ಕ್ರೀನ್‌ಶಾಟನ್ನು ಅದೇ ವಾರ ತೆಗೆಸಿಕೊಳ್ಳಬೇಕು. ಸಂಬಳ ಫೋನ್‌ಪೇ ಅಥವಾ ಗೂಗಲ್‌ಪೇಯಲ್ಲಿ ಬಂದಿದ್ದರೆ ಪಾಸ್‌ಬುಕ್ಕಿನಲ್ಲಿ ಮಾಲೀಕರ ಹೆಸರು ಇರುತ್ತದೆ. "ನಾಳೆ ಬೇಗ ಬಾ, ನೆಂಟರು ಬರ್ತಾರೆ" ಎಂಬ ಹಳೆಯ ಮೆಸೇಜೂ ಸಾಕ್ಷಿಯೇ.

ಸಿಸಿಟಿವಿಗೆ ಮಾತ್ರ ಆತುರ ಬೇಕು. ಅಪಾರ್ಟ್‌ಮೆಂಟಿನ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ. ಎಷ್ಟೋ ಕಡೆ ಎರಡರಿಂದ ನಾಲ್ಕು ವಾರಗಳಲ್ಲಿ ಹಳೆಯದು ಅಳಿದಿರುತ್ತದೆ. ಮನೆಯೊಳಗೆ ನಡೆದದ್ದು ಅದರಲ್ಲಿ ಸಿಗುವುದಿಲ್ಲವಾದರೂ, ಚಪ್ಪಲಿ ಕೈಯಲ್ಲಿ ಹಿಡಿದು ಲಿಫ್ಟಿನ ಕಡೆ ಓಡಿದ್ದು ಸಿಗುತ್ತದೆ. ದೃಶ್ಯವನ್ನು ನಿಮಗೆ ಕೊಡಲು ಅಸೋಸಿಯೇಷನ್ನಿನವರು ಒಪ್ಪದಿರಬಹುದು, ಆದ್ದರಿಂದ ಅದನ್ನು ಕೇಳಬೇಡಿ. "ಜುಲೈ 8ರ ಬೆಳಿಗ್ಗೆ 9ರಿಂದ 10ರವರೆಗಿನ ಇಂಥ ಮಹಡಿಯ ಮತ್ತು ಗೇಟಿನ ದೃಶ್ಯಗಳನ್ನು ಅಳಿಸದೆ ಉಳಿಸಿಡಬೇಕು, ಪೊಲೀಸ್ ತನಿಖೆಗೆ ಬೇಕಾಗುತ್ತದೆ" ಎಂದು ಬರೆದ ಪತ್ರವನ್ನು ಕಾರ್ಯದರ್ಶಿಗೆ ಕೊಟ್ಟು, ಅದರ ಇನ್ನೊಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ.

ಗಾಯವಿದ್ದರೆ

ಸರ್ಕಾರಿ ಆಸ್ಪತ್ರೆಗೆ ಹೋಗಿ, ಏನಾಯಿತು ಮತ್ತು ಯಾರು ಮಾಡಿದರು ಎಂದು ವೈದ್ಯರಿಗೆ ಹೇಳಿ, ಅದನ್ನು ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ ಎಂದು ದಾಖಲಿಸಲು ಕೇಳಬೇಕು. ಆ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಮಾನಕ್ಕಂಜಿ "ಬಿದ್ದೆ" ಎಂದು ಹೇಳಿದರೆ ಆ ಒಂದು ಪದ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ಗಾಯದ ಫೋಟೊ ತೆಗೆಯುವಾಗ ಮುಖವೂ ಕಾಣುವಂತೆ ದೂರದಿಂದ ಒಂದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಹತ್ತಿರದಿಂದ ಇನ್ನೊಂದು ತೆಗೆಯಿರಿ. ಹಿಡಿದ ಕಡೆ ಮೊದಲ ದಿನ ಬರೀ ಕೆಂಪಗಿದ್ದದ್ದು ಮರುದಿನವೋ ಅದರ ಮರುದಿನವೋ ಕಪ್ಪಗಾಗುತ್ತದೆ, ಆದ್ದರಿಂದ ಆಗ ಮತ್ತೊಮ್ಮೆ ತೆಗೆಯಬೇಕು. ಹರಿದ ಬಟ್ಟೆಯನ್ನು ತೊಳೆಯದೆ, ಪ್ಲಾಸ್ಟಿಕ್ಕಿನಲ್ಲಿ ಬೆವರಿಸದೆ, ಕಾಗದದ ಚೀಲದಲ್ಲಿ ಇಡಿ.

ಎರಡು ಬಾಗಿಲುಗಳು

ಮೊದಲ ಬಾಗಿಲು ಪೊಲೀಸ್ ಠಾಣೆ. ಎರಡನೆಯದನ್ನು ಹೆಚ್ಚಿನವರು ಕೇಳಿಯೇ ಇರುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಐಟಿ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಮನೆಗೆಲಸದವರು ಯಾರೆಂಬುದನ್ನು ಆ ಕಾಯ್ದೆಯೇ ವ್ಯಾಖ್ಯಾನಿಸಿದೆ, ವಾಸದ ಮನೆಯೂ ಕೆಲಸದ ಸ್ಥಳವೆಂದು ಹೇಳಿದೆ. ಕಂಪನಿಯೊಳಗೆ ಆಂತರಿಕ ಸಮಿತಿ ಇರುವ ಹಾಗೆ, ಇಂಥವರಿಗಾಗಿ ಪ್ರತಿ ಜಿಲ್ಲೆಯಲ್ಲಿ ಒಂದು ಸ್ಥಳೀಯ ಸಮಿತಿ ಇರಬೇಕು. ಅದರ ವಿಳಾಸವನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ ಪಡೆಯಬಹುದು. ಕೇಂದ್ರ ಸರ್ಕಾರದ ಶಿ-ಬಾಕ್ಸ್ ಜಾಲತಾಣದ (shebox.wcd.gov.in) ಮೂಲಕವೂ ದೂರು ಸಲ್ಲಿಸಬಹುದು.

ಈ ಸಮಿತಿಗೆ ದೂರು ಕೊಡಲು ಗಡುವು ಮೂರು ತಿಂಗಳು. ಘಟನೆಗಳು ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ ಆರಂಭವಾಗುತ್ತದೆ. ನಮ್ಮ ಅಕ್ಕನ ವಿಷಯದಲ್ಲಿ ಜುಲೈ 8ರಿಂದ ಎಣಿಸಿ ಅಕ್ಟೋಬರ್ ಮೊದಲ ವಾರದೊಳಗೆ ಕೊಟ್ಟರೆ, ಜೂನ್ ತಿಂಗಳ ಎರಡು ಘಟನೆಗಳೂ ಅದರೊಳಗೆ ಸೇರುತ್ತವೆ. ತಡವಾಗಲು ತಕ್ಕ ಕಾರಣವಿದ್ದರೆ ಅದನ್ನು ಬರೆದು ಕೇಳಿದಾಗ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ನಿಯಮದ ಪ್ರಕಾರ ದೂರಿನ ಆರು ಪ್ರತಿಗಳು, ದಾಖಲೆಗಳು, ಸಾಕ್ಷಿಗಳ ಹೆಸರು ಮತ್ತು ವಿಳಾಸ ಬೇಕು. ಬರೆಯಲು ಬಾರದವರಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯವೆಂದು ಕಾಯ್ದೆಯಲ್ಲೇ ಇದೆ, "ಬರೆಸಿಕೊಂಡು ಬಾ" ಎಂದು ವಾಪಸು ಕಳುಹಿಸುವಂತಿಲ್ಲ.

ಈ ಸಮಿತಿಗೊಂದು ಮಿತಿಯಿದೆ, ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕಂಪನಿಯ ನೌಕರಳ ದೂರನ್ನು ಸಮಿತಿ ತಾನೇ ವಿಚಾರಣೆ ಮಾಡಿ ಶಿಫಾರಸು ಮಾಡುತ್ತದೆ. ಮನೆಗೆಲಸದವರ ದೂರಿನಲ್ಲಿ ಹಾಗಲ್ಲ: ಮೇಲ್ನೋಟಕ್ಕೆ ಪ್ರಕರಣವಿದೆ ಎಂದು ಕಂಡುಬಂದರೆ ಏಳು ದಿನದೊಳಗೆ ಅದನ್ನು ಪೊಲೀಸರಿಗೆ ಕಳುಹಿಸಬೇಕು ಎಂದು 11ನೇ ಕಲಮು ಹೇಳುತ್ತದೆ. ಅಂದರೆ ಸುತ್ತಿ ಬಳಸಿ ಅದು ಬರುವುದು ಠಾಣೆಗೇ. ಹಾಗಿದ್ದರೆ ಸಮಿತಿ ಏಕೆ ಬೇಕು ಎಂದು ಕೇಳಬಹುದು. ಕೆಲಸದಾಕೆಯ ಕೈಯಲ್ಲಿನ ಅರ್ಜಿಗೂ ಜಿಲ್ಲಾ ಸಮಿತಿಯ ಮುದ್ರೆಯೊಂದಿಗೆ ಬಂದ ಪತ್ರಕ್ಕೂ ಠಾಣೆಯಲ್ಲಿ ಸಿಗುವ ಮರ್ಯಾದೆ ಬೇರೆ ಬೇರೆ, ಅದಕ್ಕಾಗಿ ಬೇಕು. ನನ್ನ ಸಲಹೆಯೆಂದರೆ, ಮೈಮುಟ್ಟಿದ ಪ್ರಕರಣದಲ್ಲಿ ಸಮಿತಿಗಾಗಿ ಕಾಯದೆ ಮೊದಲು ಠಾಣೆಗೆ ಹೋಗಿ. ಅದೇ ದೂರಿನ ಪ್ರತಿಗಳನ್ನು ಅದೇ ವಾರ ಸಮಿತಿಗೂ ಕೊಡಿ.

ಆ ಕಲಮಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ಹೆಸರಿಸಿರುವುದು ಹಳೆಯ ದಂಡ ಸಂಹಿತೆಯ 509ನೇ ಕಲಮನ್ನು. ಅದು ಈಗ ಭಾರತೀಯ ನ್ಯಾಯ ಸಂಹಿತೆಯ 79. ಇದು ಮಾತು, ಸನ್ನೆಗಳಿಂದ ಮಹಿಳೆಯ ಮಾನಕ್ಕೆ ಧಕ್ಕೆ ತರುವುದಕ್ಕೆ ಸಂಬಂಧಿಸಿದ್ದು. ಅನ್ವಯಿಸುವ ಬೇರೆ ಕಲಮುಗಳನ್ನೂ ಸೇರಿಸಬಹುದೆಂದು ಅಲ್ಲೇ ಹೇಳಿದ್ದರೂ, ದೂರು "ಕೆಟ್ಟದಾಗಿ ನಡೆದುಕೊಂಡರು" ಎಂದಷ್ಟೇ ಇದ್ದಾಗ ಪ್ರಕರಣ 79ಕ್ಕೇ ನಿಂತುಬಿಡುತ್ತದೆ. ಸೊಂಟ ಹಿಡಿದದ್ದನ್ನು ಹಾಗೆಯೇ ಬರೆದಿದ್ದರೆ 74ನೇ ಕಲಮು ಬರುತ್ತದೆ. ಅದಕ್ಕೆ ಒಂದರಿಂದ ಐದು ವರ್ಷದವರೆಗೆ ಸೆರೆವಾಸವಿದೆ, ಅದು ಜಾಮೀನುರಹಿತ. ವಿಡಿಯೊ ತೋರಿಸಿದ್ದಕ್ಕೆ 75ನೇ ಕಲಮು. ಕಲಮುಗಳನ್ನು ನೀವು ಬರೆಯಲೇಬೇಕೆಂದಿಲ್ಲ. ಆ ಕಲಮನ್ನು ಹಾಕಲು ಬೇಕಾದ ಸಂಗತಿ ನಿಮ್ಮ ದೂರಿನಲ್ಲಿ ಇರಬೇಕು.

ಠಾಣೆಯಲ್ಲಿ

ದೂರು ಒಂದೂವರೆ ಪುಟ ಮೀರದಿರಲಿ. ನೀವು ಯಾರು, ಆ ಮನೆಯಲ್ಲಿ ಯಾವಾಗಿನಿಂದ ಏನು ಕೆಲಸ, ಸಂಬಳ ಎಷ್ಟು. ಆಮೇಲೆ ಜೂನ್ 3, ಜೂನ್ 17, ಜುಲೈ 8 ಎಂದು ದಿನಾಂಕದ ಕ್ರಮದಲ್ಲಿ ಒಂದೊಂದು ಪ್ಯಾರಾ. ಮೊದಲು ಯಾರಿಗೆ ಹೇಳಿದಿರಿ. ಕೊನೆಗೆ, ಲಗತ್ತಿಸಿದ ದಾಖಲೆಗಳು ಮತ್ತು ಉಳಿಸಬೇಕಾದ ಸಿಸಿಟಿವಿ. ಬಾಕಿ ಸಂಬಳದ ವಿಷಯವನ್ನು ಒಂದು ವಾಕ್ಯದಲ್ಲಿ ಹೇಳಿ ನಿಲ್ಲಿಸಿ, ಅದಕ್ಕಾಗಿ ಕಾರ್ಮಿಕ ನಿರೀಕ್ಷಕರಿಗೆ ಬೇರೆಯೇ ಅರ್ಜಿ ಕೊಡಿ. ಎರಡನ್ನೂ ಒಂದೇ ದೂರಿನಲ್ಲಿ ಹೆಣೆದರೆ, "ಇದು ದುಡ್ಡಿನ ಜಗಳ, ಎರಡು ಸಾವಿರ ಕೊಡಿಸ್ತೀವಿ, ಮುಗಿಸ್ಕೋ" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇಂಥ ಅಪರಾಧಗಳಲ್ಲಿ ಮಹಿಳೆಯ ಮಾಹಿತಿಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ನಿಮ್ಮ ಮನೆಯ ಹತ್ತಿರದ ಠಾಣೆಯಲ್ಲಿ ಜೀರೋ ಎಫ್‌ಐಆರ್ ಆಗಿ ಕೊಡಬಹುದು. ಇವೆರಡೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿವೆ. ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಕೈಗೆ ಬಂದ ಕಾಗದ ಏನೆಂದು ಅಲ್ಲೇ ನೋಡಿಕೊಳ್ಳಿ: ಎಫ್‌ಐಆರ್ ಆಗಿದ್ದರೆ ಅದರಲ್ಲಿ ಅಪರಾಧ ಸಂಖ್ಯೆ ಮತ್ತು ಕಲಮುಗಳಿರುತ್ತವೆ, ಎನ್‌ಸಿಆರ್, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಅಪರಾಧದ ವರದಿ, ಅಥವಾ ಬರೀ ಸ್ವೀಕೃತಿಯಾಗಿದ್ದರೆ ತನಿಖೆ ಆರಂಭವಾಗಿಲ್ಲ ಎಂದೇ ಅರ್ಥ.

ದಾಖಲಿಸಲು ಒಪ್ಪದಿದ್ದರೆ ವಾಗ್ವಾದ ಬೇಡ. ಹೋದ ಸಮಯ, ಮಾತಾಡಿದ ಅಧಿಕಾರಿಯ ಹುದ್ದೆ, ಅವರು ಹೇಳಿದ ಮಾತು ಇವನ್ನು ಹೊರಗೆ ಬಂದು ಬರೆದುಕೊಳ್ಳಿ. ಅದೇ ದೂರನ್ನು ಜಿಲ್ಲೆಯಲ್ಲಾದರೆ ಎಸ್‌ಪಿಗೆ, ಬೆಂಗಳೂರಿನಲ್ಲಾದರೆ ಡಿಸಿಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಆಗಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿ ಅದೇ 173ರಲ್ಲಿದೆ. 74, 79ರಂಥ ಕಲಮುಗಳಡಿ ಬಂದ ಮಾಹಿತಿಯನ್ನು ದಾಖಲಿಸದಿರುವುದೇ ಅಧಿಕಾರಿಯ ಅಪರಾಧವೆಂದು ನ್ಯಾಯ ಸಂಹಿತೆಯ 199ನೇ ಕಲಮು ಹೇಳುತ್ತದೆ, ಅದಕ್ಕೆ ಕನಿಷ್ಠ ಆರು ತಿಂಗಳ ಶಿಕ್ಷೆಯಿದೆ. ಅಂಚೆಯ ಪತ್ರದಲ್ಲಿ ಈ ಕಲಮನ್ನು ಸೌಮ್ಯವಾಗಿ ಉಲ್ಲೇಖಿಸಿದ ಮೇಲೆ ಠಾಣೆಯಿಂದಲೇ ಕರೆ ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ವಕೀಲರಿಗೆ ಹಣ ಹೊಂದಿಸುವ ಚಿಂತೆ ಬೇಡ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಅದರ ಸಹಾಯವಾಣಿ 15100.

ಮನೆಯಲ್ಲೇ ಉಳಿದು ಕೆಲಸ ಮಾಡುವವರನ್ನು ಕೂಡಿಹಾಕಿದ್ದರೆ ಈ ಯಾವ ಕ್ರಮವನ್ನೂ ಕಾಯಬೇಕಿಲ್ಲ, 112ಕ್ಕೆ ಕರೆ ಮಾಡಿಸಬೇಕು. ಕೂಡಿಹಾಕಿದವಳು ಹದಿನೆಂಟರೊಳಗಿನ ಹುಡುಗಿಯಾದರೆ 1098ಕ್ಕೂ ತಿಳಿಸಬೇಕು.

ಕಳ್ಳತನದ ಆರೋಪ ಬಂದರೆ

ದೂರಿನ ಸುದ್ದಿ ಮನೆಯವರಿಗೆ ಮುಟ್ಟಿದ ಮೇಲೆ, ಕೆಲವೊಮ್ಮೆ ಅದಕ್ಕೂ ಮೊದಲೇ, "ಚಿನ್ನದ ಬಳೆ ಕಾಣುತ್ತಿಲ್ಲ" ಎಂಬ ಪ್ರತಿದೂರು ಬರುತ್ತದೆ. ಇದು ಅಪರೂಪವಲ್ಲ, ಆದ್ದರಿಂದ ಸಿದ್ಧತೆ ಮೊದಲೇ ಇರಬೇಕು. ಕೆಲಸ ಬಿಟ್ಟ ದಿನವೇ "ಈ ದಿನ ನಡೆದ ಘಟನೆಯಿಂದಾಗಿ ನಾನು ಕೆಲಸಕ್ಕೆ ಬರುವುದಿಲ್ಲ, ನನ್ನ ಕೊಡೆ ಮತ್ತು ಜುಲೈ ತಿಂಗಳ ಎಂಟು ದಿನದ ಸಂಬಳ ನಿಮ್ಮಲ್ಲಿದೆ" ಎಂದು ಮನೆಯ ಮೇಡಂಗೆ ಮೆಸೇಜು ಹಾಕಿ. ಅದರ ನಂತರ ಬಂದ ಕಳ್ಳತನದ ದೂರು ಯಾವುದರ ಬೆನ್ನಿಗೆ ಬಂತೆಂಬುದು ದಿನಾಂಕದಿಂದಲೇ ಕಾಣುತ್ತದೆ. ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಪದ್ಧತಿ ಇದ್ದರೆ, ಅವಮಾನಕರವಾದ ಅದೇ ಪದ್ಧತಿ ಇಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ; ಆ ದಿನದ ತಪಾಸಣೆಯ ಪುಸ್ತಕವನ್ನೂ ಉಳಿಸಿಡಲು ಅಸೋಸಿಯೇಷನ್ನಿಗೆ ಬರೆದ ಪತ್ರದಲ್ಲಿ ಕೇಳಿ.

ಠಾಣೆಯಿಂದ ಕರೆ ಬಂದರೆ ಒಬ್ಬರೇ ಹೋಗಬಾರದು. ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯಕ್ಕೆ ಮೊದಲು, ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಹೊರತು, ಮಹಿಳೆಯನ್ನು ಬಂಧಿಸುವಂತಿಲ್ಲ. ಮಹಿಳೆಯ ಮೈ ಶೋಧನೆಯನ್ನು ಮಹಿಳೆಯೇ ಮಾಡಬೇಕು. ಖಾಲಿ ಹಾಳೆಗೆ, ಓದಿ ಹೇಳದ ಹಾಳೆಗೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಬಾರದು. "ತಪ್ಪೊಪ್ಪಿಕೊಂಡು ದೂರು ವಾಪಸ್ ತಗೋ, ಅವರೂ ತಗೋತಾರೆ" ಎಂಬ ರಾಜಿಯಲ್ಲಿ ಉಳಿಯುವುದು ನಿಮ್ಮ ತಪ್ಪೊಪ್ಪಿಗೆಯ ಕಾಗದ ಮಾತ್ರ.

ಜಾತಿ ಹೆಸರಿನ ನಿಂದನೆ

ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಜಾತಿ ಹಿಡಿದು ಬೈದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಆದರೆ ಬೈಗುಳದ ಕಲಮಿನಲ್ಲಿ ಒಂದು ಷರತ್ತಿದೆ: ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಹೊರಗಿನವರು ಯಾರೂ ಇಲ್ಲದ ಮನೆಯ ನಾಲ್ಕು ಗೋಡೆಗಳ ನಡುವೆ ಆಡಿದ ಮಾತು ಈ ಕಲಮಿಗೆ ಒಳಪಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮನೆಗೆಲಸದವರಿಗೆ ಇದು ದೊಡ್ಡ ಹೊಡೆತ, ಏಕೆಂದರೆ ಅವರ ಕೆಲಸವಿರುವುದೇ ಆ ಗೋಡೆಗಳ ನಡುವೆ. ಆದ್ದರಿಂದ ಜಾಗವನ್ನು ನಿಖರವಾಗಿ ಬರೆಯಿರಿ. ಬಾಗಿಲು ತೆರೆದಿತ್ತೇ, ಮಾತು ಕಾರಿಡಾರಿನಲ್ಲಿ ಮುಂದುವರಿಯಿತೇ, ಲಿಫ್ಟಿನಲ್ಲಿ ಯಾರಿದ್ದರು, ಸೆಕ್ಯುರಿಟಿಯವರಿಗೆ ಕೇಳಿಸಿತೇ? ಮನೆಯವರಲ್ಲದ ಒಬ್ಬ ಸಾಕ್ಷಿಯ ಹೆಸರು ಇಲ್ಲಿ ಹತ್ತು ಪುಟದ ದೂರಿಗಿಂತ ಹೆಚ್ಚು ತೂಗುತ್ತದೆ. ದೂರಿನ ಜೊತೆ ಜಾತಿ ಪ್ರಮಾಣಪತ್ರದ ಪ್ರತಿಯನ್ನು ಇಡಬೇಕು. ಠಾಣೆ ಸ್ಪಂದಿಸದಿದ್ದರೆ ರಾಜ್ಯದ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ದೂರು ಕೊಡಬಹುದು.

ಡೆಲಿವರಿ ಮತ್ತು ಇತರ ಆ್ಯಪ್ ಕೆಲಸಗಳಲ್ಲಿ

ಡೆಲಿವರಿ ಹುಡುಗನಿಗೆ ಗ್ರಾಹಕ ಕಪಾಳಕ್ಕೆ ಹೊಡೆದ, ಮನೆಗೆ ಹೋದ ಬ್ಯೂಟಿಷಿಯನ್ ಒಬ್ಬರನ್ನು ಮನೆಯವರು ಹೊರಗೆ ಬಿಡಲಿಲ್ಲ. ಇಂಥ ಪ್ರಕರಣಗಳಲ್ಲಿ ತೊಂದರೆಯ ಸ್ವರೂಪವೇ ಬೇರೆ. ಇಲ್ಲಿ ಎದುರಿನವರು ಯಾರೆಂಬುದೇ ನಿಮಗೆ ಗೊತ್ತಿರುವುದಿಲ್ಲ. ಆ್ಯಪ್‌ನಲ್ಲಿ ಒಂದು ಹೆಸರು, ಒಂದು ವಿಳಾಸ ಇರುತ್ತದೆ. ಕರೆ ಹೋಗುವುದು ಕಂಪನಿಯ ಮಧ್ಯದ ನಂಬರಿನ ಮೂಲಕ, ಆದ್ದರಿಂದ ನಿಮ್ಮ ಕಾಲ್ ಲಿಸ್ಟಿನಲ್ಲಿ ಗ್ರಾಹಕರ ನಂಬರು ಸಿಗುವುದಿಲ್ಲ. ಆರ್ಡರ್ ಮುಗಿಸಿದೊಡನೆ ವಿಳಾಸ, ಚಾಟ್ ಮರೆಯಾಗಬಹುದು.

ಹಾಗಾಗಿ ಮೊದಲು ಆ ಬಾಗಿಲಿನಿಂದ ದೂರ, ಜನ ಇರುವಲ್ಲಿಗೆ ಅಥವಾ ಗೇಟಿನ ಸೆಕ್ಯುರಿಟಿ ಬಳಿಗೆ ಬನ್ನಿ. ಆರ್ಡರನ್ನು ಕಂಪ್ಲೀಟ್ ಮಾಡುವ ಮೊದಲೇ ಆರ್ಡರ್ ಐಡಿ, ಹೆಸರು, ವಿಳಾಸ, ಚಾಟ್, ಕರೆಯ ಸಮಯ ಇವುಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಆಮೇಲೆ ಆ್ಯಪ್‌ನೊಳಗೆ ದೂರು ಹಾಕಿ. ಅಲ್ಲಿ ಬರೆಯುವುದನ್ನು ಮೊದಲು ನಿಮಗೆ ನೀವೇ ವಾಟ್ಸ್‌ಆ್ಯಪ್ ಮಾಡಿಕೊಂಡು ನಂತರ ಅಲ್ಲಿಗೆ ಅಂಟಿಸಿ, ಏಕೆಂದರೆ ಟಿಕೆಟ್ ಮುಚ್ಚಿದ ಮೇಲೆ ಆ ಸಂಭಾಷಣೆ ಮತ್ತೆ ತೆರೆಯದಿರಬಹುದು. ಟಿಕೆಟ್ ಸಂಖ್ಯೆಯ ಸ್ಕ್ರೀನ್‌ಶಾಟೂ ಬೇಕು. ಅದೇ ಹೊತ್ತಿಗೆ ಗ್ರಾಹಕರೂ ನಿಮ್ಮ ಮೇಲೆ ದೂರು ಹಾಕುತ್ತಿರುತ್ತಾರೆ ಎಂದೇ ಎಣಿಸಿಕೊಳ್ಳಿ. ಯಾರದು ಮೊದಲು ದಾಖಲಾಯಿತು ಎಂಬುದು ಐಡಿ ಬ್ಲಾಕ್ ಆಗುವ ಪ್ರಶ್ನೆ ಬಂದಾಗ ಲೆಕ್ಕಕ್ಕೆ ಬರುತ್ತದೆ.

ಪೊಲೀಸ್ ದೂರಿನಲ್ಲಿ ಇಲ್ಲೊಂದು ತೊಡಕಿದೆ. ಬರೀ ಕಪಾಳಮೋಕ್ಷ ಅಥವಾ ಬೈಗುಳವಾದರೆ ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಹಾಗಾಗಿ ಎನ್‌ಸಿಆರ್ ಕೊಟ್ಟು ಕಳುಹಿಸುತ್ತಾರೆ. ಅದು ಯಾವಾಗಲೂ ಅವರ ಉದಾಸೀನವಲ್ಲ, ಕಾನೂನೇ ಹಾಗಿದೆ. ಆದರೆ ಹೊಡೆಯುವಾಗ ಗ್ರಾಹಕರು ಬೈಕಿನ ಕೀಲಿ ಕಿತ್ತುಕೊಂಡು ಹೋಗದಂತೆ ತಡೆದರೇ, ಲಿಫ್ಟಿಗೆ ಅಡ್ಡ ನಿಂತರೇ, ಬಾಗಿಲು ಹಾಕಿಕೊಂಡರೇ, ಕೈಯಲ್ಲಿ ಆಯುಧವಾಗಬಲ್ಲ ವಸ್ತು ಇತ್ತೇ? ಅಡ್ಡಗಟ್ಟುವುದು, ಕೂಡಿಹಾಕುವುದು, ಆಯುಧದಿಂದ ಗಾಯಗೊಳಿಸುವುದು ಸಂಜ್ಞೇಯ ಅಪರಾಧಗಳು. ಅವುಗಳಲ್ಲಿ ಒಂದು ಇದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ನೋಡಬೇಕು. ಹೊಡೆತದ ನೋವಿನಲ್ಲಿ "ಐದು ನಿಮಿಷ ಗೇಟು ಬಿಡಲಿಲ್ಲ" ಎಂಬುದನ್ನು ಹೇಳಲು ಅನೇಕರು ಮರೆಯುತ್ತಾರೆ. ನಡೆದಿದ್ದರೆ ಅದನ್ನು ದೂರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ. ನಡೆಯದಿದ್ದರೆ ಸೇರಿಸಬೇಡಿ, ಸಿಸಿಟಿವಿ ಅದನ್ನೂ ತೋರಿಸುತ್ತದೆ.

ಆರೋಪಿಯ ಹೆಸರು ಗೊತ್ತಿಲ್ಲವೆಂದು ದೂರನ್ನು ಹಿಂತಿರುಗಿಸಲು ಬಿಡಬೇಡಿ. "ಇಂಥ ಆರ್ಡರ್ ಐಡಿಯ ಗ್ರಾಹಕರ ವಿವರವನ್ನು ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಕಂಪನಿಯಿಂದ ತರಿಸಿಕೊಳ್ಳಬೇಕೆಂದು ಕೋರುತ್ತೇನೆ" ಎಂಬ ಒಂದು ವಾಕ್ಯ ಸೇರಿಸಿ. ಕಂಪನಿ ನಿಮಗೆ ಆ ವಿವರ ಕೊಡುವುದಿಲ್ಲ, ತನಿಖಾಧಿಕಾರಿಯ ನೋಟಿಸಿಗೆ ಕೊಡಬೇಕಾಗುತ್ತದೆ.

ಐಡಿ ಬ್ಲಾಕ್ ಆದರೆ ಕರ್ನಾಟಕದಲ್ಲಿ ಈಗ ಒಂದು ಹಿಡಿತ ಸಿಕ್ಕಿದೆ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ರಾಜ್ಯ 2025ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, ಬರಹದಲ್ಲಿ ಸಕಾರಣ ತಿಳಿಸಿ 14 ದಿನಗಳ ಮುಂಚಿತ ನೋಟಿಸು ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಕುಂದುಕೊರತೆ ಹೇಳಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿದೆ. ಬ್ಲಾಕ್ ಆದ ದಿನವೇ ಕಂಪನಿಗೆ ಇಮೇಲ್ ಮಾಡಿ, ಟಿಕೆಟ್ ಸಂಖ್ಯೆ ಮತ್ತು ಪೊಲೀಸ್ ದೂರಿನ ಸ್ವೀಕೃತಿ ಸಂಖ್ಯೆಯನ್ನು ಉಲ್ಲೇಖಿಸಿ, ಲಿಖಿತ ಕಾರಣ ಕೇಳಿ. ಫೋನಿನಲ್ಲಿ ಸಿಕ್ಕ "ಮೇಲಿನವರ ತೀರ್ಮಾನ" ಎಂಬ ಉತ್ತರವನ್ನು, ಹೇಳಿದ ದಿನ ಮತ್ತು ಸಮಯದ ಸಮೇತ ಅದೇ ಇಮೇಲಿನಲ್ಲಿ ಬರೆದು ಹಾಕಿ. ಆ ಇಮೇಲಿಗೆ ಬಂದ ಅಥವಾ ಬಾರದ ಉತ್ತರವನ್ನೇ ಇಟ್ಟುಕೊಂಡು ಕಾರ್ಮಿಕ ಇಲಾಖೆಯ ಮುಂದೆ ಹೋಗಬೇಕಾಗುತ್ತದೆ.